ವರ್ಗೀಕೃತ ಜಾಹೀರಾತು ಪುಟ: ಒತ್ತೊತ್ತಾಗಿ ಕೂತಿರುವ ಜಾಹೀರಾತುಗಳನ್ನು ಒಂದೊಂದಾಗಿ ಬಿಡಿಸುವುದು ಹೇಗೆ?

ಮಲ್ಲೇಶ್ವರದ_ಮನೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹಳೇ ಬಡಾವಣೆಗಳ ಮನೆ ಬಾಡಿಗೆ ಬಗ್ಗೆ ಒಂದು ಕೆಲಸ ಹಿಡಿದಿದ್ದೇನೆ. ಎಪ್ಪತ್ತು, ಎಂಬತ್ತರ ದಶಕದ ಕನ್ನಡ ದಿನಪತ್ರಿಕೆಗಳಲ್ಲಿ ಬರುತ್ತಿದ್ದ ‘ಬಾಡಿಗೆಗೆ ಇದೆ’ ಜಾಹೀರಾತುಗಳೇ ನನಗೆ ಆಧಾರ. ಯಾವ ಬಡಾವಣೆ, ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಕೊಳಾಯಿ ನೀರು ಇದೆಯಾ ಬಾವಿ ನೀರಾ, ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಹಾಕಿದ್ದಾರಾ, ಇವೆಲ್ಲ ಬೇಕು. ಒಂದು ಜಾಹೀರಾತು ಅಂದರೆ ನನ್ನ ಪಟ್ಟಿಯಲ್ಲಿ ಒಂದು ಸಾಲು.

ತೊಡಕು ಇಲ್ಲಿದೆ. ಪುಟಕ್ಕೆ ಎಂಟು ಕಾಲಂ. 300 ಡಿಪಿಐ ಸ್ಕ್ಯಾನ್‌ನಲ್ಲಿ ಒಂದು ಕಾಲಂ ಅಗಲ ಸುಮಾರು 470 ಪಿಕ್ಸೆಲ್. ಜಾಹೀರಾತುಗಳ ನಡುವೆ ಖಾಲಿ ಜಾಗವೇ ಇಲ್ಲ, ಕೂದಲೆಳೆಯಷ್ಟು ಸಣ್ಣ ಗೆರೆ ಒಂದಿದೆ ಅಷ್ಟೇ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಓಸಿಆರ್‌ಗೆ ಕೊಟ್ಟರೆ ಇಡೀ ಕಾಲಂ ಒಂದೇ ಪ್ಯಾರಾ ಅಂತ ಓದುತ್ತದೆ. ಗಾಂಧಿಬಜಾರಿನ ಮನೆಯ ವಿಳಾಸಕ್ಕೆ ರಾಜಾಜಿನಗರದ ಬಾಡಿಗೆ ಅಂಟಿಕೊಳ್ಳುತ್ತದೆ.

ಓಪನ್‌ಸಿವಿಯಲ್ಲಿ ಅಡ್ಡ ಗೆರೆಗಳನ್ನು ಹುಡುಕುತ್ತಿದ್ದೇನೆ. ಕಾಲಂನ ಅರ್ಧ ಅಗಲದಷ್ಟು, ಅಂದರೆ 235 ಪಿಕ್ಸೆಲ್ ಉದ್ದದ ಪಟ್ಟಿ ಇಟ್ಟು ‘ಓಪನಿಂಗ್’ ಮಾಡಿದರೆ, ಅಂದರೆ ಆ ಪಟ್ಟಿ ಹಿಡಿಸದ ಗುರುತುಗಳನ್ನೆಲ್ಲ ಅಳಿಸಿದರೆ, ಒಂದು ಕಾಲಂನಲ್ಲಿ ಗೆರೆಗಳೆಲ್ಲ ಸಿಗುತ್ತವೆ, ಪಕ್ಕದ ಕಾಲಂನಲ್ಲಿ ಒಂದೂ ಸಿಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹೀಗೇಕೆ?

ಕೋಡ್_ಕಿಟ್ಟಿ:

ಮೇಡಂ, ಗೆರೆ ಹಿಂದೆ ಬೀಳುವುದೇ ಬೇಡ. ಟೆಸರಾಕ್ಟ್‌ಗೆ `--psm 4` ಹಾಕಿ, ಒಂದೊಂದೇ ಕಾಲಂ ಓದಿಸಿ. ಆಮೇಲೆ ಫೋನ್ ನಂಬರ್ ಸಿಕ್ಕ ಕಡೆಯೆಲ್ಲ ಕತ್ತರಿಸಿ. ಜಾಹೀರಾತು ಮುಗಿಯುವುದೇ ಫೋನ್ ನಂಬರಿನಲ್ಲಿ, ಅಲ್ವಾ? ನಾನು ಕಾಲೇಜ್ ಪ್ರಾಜೆಕ್ಟ್‌ಗೆ ಇತ್ತೀಚಿನ ಪೇಪರ್ ಮೇಲೆ ಹೀಗೇ ಮಾಡಿದ್ದೆ. ಚೆನ್ನಾಗಿ ಬಂತು.

ಮಲ್ಲೇಶ್ವರದ_ಮನೆ:

ಇತ್ತೀಚಿನ ಪೇಪರ್‌ಗೆ ಅದು ಸರಿ ಕಿಟ್ಟಿ. ಹತ್ತಂಕಿ ಮೊಬೈಲ್ ನಂಬರ್ ಎದ್ದು ಕಾಣುತ್ತದೆ. ನನ್ನ ಕಾಲದ ಜಾಹೀರಾತುಗಳಲ್ಲಿ ಎಷ್ಟೋ ಮನೆಗಳಿಗೆ ಫೋನೇ ಇಲ್ಲ. ‘ಸಂಜೆ 5ರ ನಂತರ ಖುದ್ದಾಗಿ ನೋಡಿ’ ಅಂತ ಮುಗಿಯುತ್ತವೆ. ಇಲ್ಲವೇ ‘ಬಾಕ್ಸ್ ನಂ.’ ಇರುತ್ತದೆ. ಫೋನ್ ಇದ್ದರೂ ಐದಾರೇ ಅಂಕಿ. ಬಾಡಿಗೆ, ಮನೆ ನಂಬರ್, ಪಿನ್‌ಕೋಡ್ ಎಲ್ಲವೂ ಅಂಕಿಗಳೇ. ಪಿನ್‌ಕೋಡೂ ಆರೇ ಅಂಕಿ ನೋಡಿ.

ಕೋಡ್_ಕಿಟ್ಟಿ:

ಓ, ಪಿನ್‌ಕೋಡ್ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ‘ಫೋನ್:’ ಅನ್ನೋ ಪದ ಮುಂದೆ ಇದ್ದರೆ ನಂಬಬಹುದಲ್ವಾ?

ಸ್ಕ್ಯಾನ್_ಶಾಮಣ್ಣ:

ಕಿಟ್ಟಿ, ಅದು ಸುಳಿವು ಅಷ್ಟೇ. ಅದನ್ನೇ ನಂಬಿ ಕತ್ತರಿ ಹಾಕಬೇಡಪ್ಪ. ವಧು-ವರರ ಜಾಹೀರಾತಿನಲ್ಲಿ ಎರಡೆರಡು ನಂಬರ್ ಇರುತ್ತವೆ, ಮಧ್ಯದಲ್ಲೇ ಸೀಳಿಹೋಗುತ್ತದೆ. ಅಂಕಿ ಕನ್ನಡದಲ್ಲಿದ್ದರೆ ಇನ್ನೂ ಕಷ್ಟ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ರೂಪ ಒಂದೇ, ಹಾಗಾಗಿ ಓಸಿಆರ್ ಒಂದನ್ನು ಇನ್ನೊಂದು ಅಂತ ಓದುತ್ತದೆ. ಆಗ ನಿನ್ನ ಹುಡುಕಾಟಕ್ಕೆ ನಂಬರೇ ಸಿಗುವುದಿಲ್ಲ.

ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥ ಬೈಂಡ್ ಮಾಡಿದ ಸಂಪುಟಗಳ ಸ್ಕ್ಯಾನ್ ಕೆಲಸದಲ್ಲೇ ನಾನಿರುವುದು. ಗೆರೆ ಸಿಗದ ಕಾಲಂ ಹೊಲಿಗೆಯ ಕಡೆಗೆ ಇದೆಯಾ? ಹಾಗಿದ್ದರೆ ಪುಟ ಅಲ್ಲಿ ಬಾಗಿದೆ, ಗೆರೆ ಸ್ವಲ್ಪ ಓರೆಯಾಗಿದೆ.

ಲೆಕ್ಕ ನೋಡಿ. ಅರ್ಧ ಡಿಗ್ರಿ ಓರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ 470 ಪಿಕ್ಸೆಲ್ ಅಗಲದಲ್ಲಿ ಗೆರೆಯ ಒಂದು ತುದಿ ಇನ್ನೊಂದಕ್ಕಿಂತ 4 ಪಿಕ್ಸೆಲ್ ಮೇಲೆ ಹೋಗುತ್ತದೆ. ಗೆರೆಯ ದಪ್ಪವೇ ಒಂದು ಪಿಕ್ಸೆಲ್. ಅಂದರೆ ಅದು ಒಂದು ಗೆರೆಯಾಗಿ ಉಳಿಯುವುದಿಲ್ಲ. 115 ಪಿಕ್ಸೆಲ್‌ಗೊಮ್ಮೆ ಮೆಟ್ಟಿಲಿನ ಹಾಗೆ ಒಂದು ಪಿಕ್ಸೆಲ್ ಮೇಲೇರುವ ತುಂಡುಗಳಾಗುತ್ತದೆ. ನಿಮ್ಮ 235 ಪಿಕ್ಸೆಲ್ ಪಟ್ಟಿ ಒಂದು ತುಂಡಿನಲ್ಲೂ ಹಿಡಿಸುವುದಿಲ್ಲ, ಎಲ್ಲವನ್ನೂ ಅಳಿಸಿಹಾಕುತ್ತದೆ. ಪಕ್ಕದ ಕಾಲಂ ನೇರವಾಗಿದೆ, ಅಲ್ಲಿ ಗೆರೆ ಪೂರ್ತಿ ಉಳಿಯುತ್ತದೆ. ಇಡೀ ಪುಟವನ್ನು ಒಮ್ಮೆ ತಿರುಗಿಸಿ ನೇರ ಮಾಡಿದರೆ ಇದು ಹೋಗುವುದಿಲ್ಲ, ಯಾಕೆಂದರೆ ಒಂದೊಂದು ಕಾಲಂನ ಓರೆ ಒಂದೊಂದು ಥರ.

ಪಟ್ಟಿಯನ್ನು ಚಿಕ್ಕದು ಮಾಡಿ, 40 ಸಾಕು. ಉಳಿದ ತುಂಡುಗಳನ್ನು ಮೂಲೆ ತಾಗಿದರೂ ಒಂದೇ ಅಂತ ಸೇರಿಸಿ. ಆಮೇಲೆ ಒಟ್ಟು ಅಗಲ ನೋಡಿ.

```python
k = cv2.getStructuringElement(cv2.MORPH_RECT, (40, 1))
seg = cv2.morphologyEx(bw, cv2.MORPH_OPEN, k)
n, lab, st, cen = cv2.connectedComponentsWithStats(seg, connectivity=8)
W = bw.shape[1]
rules = [i for i in range(1, n)
         if st[i, cv2.CC_STAT_WIDTH] > 0.7 * W
         and st[i, cv2.CC_STAT_HEIGHT] <= 10]
```

`bw` ಅಂದರೆ ಒಂದೇ ಕಾಲಂನ ಚಿತ್ರ, ಅಕ್ಷರ ಬಿಳಿ, ಹಿನ್ನೆಲೆ ಕಪ್ಪು.

40 ಇಷ್ಟು ಚಿಕ್ಕದಾದರೆ ಅಕ್ಷರಗಳೂ ಸಿಕ್ಕಿಬೀಳುವುದಿಲ್ಲವಾ ಅಂತ ಅನ್ನಿಸಬಹುದು. ಕನ್ನಡದಲ್ಲಿ ಆ ಭಯ ಕಡಿಮೆ. ನಮ್ಮ ಅಕ್ಷರಗಳು ದುಂಡು. 8 ಪಾಯಿಂಟ್ ಅಕ್ಷರದಲ್ಲಿ 40 ಪಿಕ್ಸೆಲ್ ಉದ್ದದ ನೇರ ಅಡ್ಡಗೆರೆ ಬರುವುದಿಲ್ಲ. ಇದೇ ಕೋಡನ್ನು ಹಿಂದಿ ಪತ್ರಿಕೆ ಮೇಲೆ ಓಡಿಸಿದರೆ ಪದಗಳ ತಲೆಗೆರೆಯೆಲ್ಲ ಸಿಕ್ಕಿಬೀಳುತ್ತದೆ.

ರಾಜಾಜಿನಗರ_ರಶ್ಮಿ:

ಜಾಹೀರಾತು ಕತ್ತರಿಸುವ ವಿಷಯ ಅಂತ ನೋಡಿ ಬಂದೆ. ನಾನು ಹೆಸರು ಬದಲಾವಣೆ ಜಾಹೀರಾತು ಕೊಟ್ಟಿದ್ದೆ. ಅದನ್ನು ಮಾತ್ರ ನೀಟಾಗಿ ಕತ್ತರಿಸಿ ಅರ್ಜಿ ಜೊತೆ ಇಟ್ಟೆ. ಒಂದು ಕಚೇರಿಯಲ್ಲಿ ವಾಪಸ್ ಕಳಿಸಿಬಿಟ್ಟರು. ಯಾವ ಪೇಪರ್, ಯಾವ ದಿನ ಅಂತ ಹೇಗೆ ಗೊತ್ತಾಗಬೇಕು, ಪೂರ್ತಿ ಪುಟ ತನ್ನಿ ಅಂದರು. ಆ ದಿನದ ಪೇಪರ್ ಮನೆಯಲ್ಲಿ ಉಳಿದಿರಲಿಲ್ಲ. ನೀವೂ ಸುಮ್ನೆ ಕತ್ತರಿಸಬೇಡಿ, ಪೂರ್ತಿ ಪುಟ ಇಟ್ಟುಕೊಳ್ಳಿ.

ಮಲ್ಲೇಶ್ವರದ_ಮನೆ:

ರಶ್ಮಿ ಅವರೇ, ನಾನು ಕತ್ತರಿಸುತ್ತಿರುವುದು ಕಂಪ್ಯೂಟರ್‌ನಲ್ಲಿ. ಪುಟದ ಚಿತ್ರ ಹಾಗೇ ಇರುತ್ತದೆ. 😊

ಸ್ಕ್ಯಾನ್_ಶಾಮಣ್ಣ:

ಆದರೂ ರಶ್ಮಿ ಅವರ ಮಾತು ಇಲ್ಲಿಗೂ ಸಲ್ಲುತ್ತದೆ. ಪ್ರತಿ ತುಂಡಿನ ಜೊತೆ ಪತ್ರಿಕೆ, ತಾರೀಖು, ಪುಟ, ಕಾಲಂ, ಪುಟದಲ್ಲಿ ಅದು ಇದ್ದ ಜಾಗದ ನಾಲ್ಕು ಅಂಕಿ, ಇಷ್ಟನ್ನು ಬರೆದಿಡಿ. ಕಾಲಂ ಕತ್ತರಿಸಿದ ಮೇಲೆ ಸಿಗುವ ಅಂಕಿ ಕಾಲಂನ ಲೆಕ್ಕದ್ದು. ಅದನ್ನು ಪುಟದ ಲೆಕ್ಕಕ್ಕೆ ಆಗಲೇ ಬದಲಾಯಿಸಿ. ಕಾಲಂ ತಿರುಗಿಸಿದ್ದರೆ ಎಷ್ಟು ತಿರುಗಿಸಿದಿರಿ ಅಂತಲೂ ಬೇಕು. ಇಲ್ಲದಿದ್ದರೆ ಮುಂದೆ ಅನುಮಾನ ಬಂದಾಗ ಮೂಲ ಪುಟಕ್ಕೆ ಹೋಗಿ ನೋಡಲು ದಾರಿಯೇ ಇರುವುದಿಲ್ಲ.

ಮಲ್ಲೇಶ್ವರದ_ಮನೆ:

ಶಾಮಣ್ಣ ಅವರೇ, ನೀವು ಹೇಳಿದ ಹಾಗೆ ಮಾಡಿದೆ. ಹೊಲಿಗೆ ಪಕ್ಕದ ಕಾಲಂನಲ್ಲಿ ಒಂದೂ ಸಿಗುತ್ತಿರಲಿಲ್ಲ, ಈಗ ಬಹುಪಾಲು ಸಿಕ್ಕಿದವು! ಒಂದು ಕಾಲಂ ಕೂತು ಕಣ್ಣಲ್ಲೇ ಹೋಲಿಸಿ ನೋಡಿದೆ. ಅಲ್ಲಿ ಇರುವುದು 34 ಜಾಹೀರಾತು. ಬಂದದ್ದು 32 ತುಂಡು. ವಿಷಯ ಅಷ್ಟೇ ಅಲ್ಲ. ಮೂರು ಕಡೆ ಎರಡೆರಡು ಜಾಹೀರಾತು ಒಂದಾಗಿವೆ, ಒಂದು ಕಡೆ ಒಂದೇ ಜಾಹೀರಾತು ಎರಡಾಗಿದೆ.

ಎರಡಾದದ್ದು ಪುಟದ ಸರಿಯಾಗಿ ಮಧ್ಯದಲ್ಲಿ. ಅಲ್ಲಿ ನನಗೆ ಗೆರೆ ಕಾಣುತ್ತಿಲ್ಲ, ಕೋಡ್‌ಗೆ ಮಾತ್ರ ಕಾಣುತ್ತಿದೆ.

ಇನ್ನೊಂದು ವಿಚಿತ್ರ. ಕತ್ತರಿಸಿದ ತುಂಡನ್ನು ಓದಿಸಿದರೆ ಕೊನೇ ಸಾಲಿನಲ್ಲಿ ‘ವಿಳಾಸಕ್ಕೆ’ ಅನ್ನುವುದು ‘ವಿಳಾಸಕೆ’ ಅಂತ ಬರುತ್ತಿದೆ. ಮಧ್ಯದ ಸಾಲಿನಲ್ಲಿ ಇದೇ ಪದ ಸರಿಯಾಗಿ ಬರುತ್ತದೆ.

ಸ್ಕ್ಯಾನ್_ಶಾಮಣ್ಣ:

ಮಧ್ಯದ್ದು ಪತ್ರಿಕೆ ಮಡಿಸಿದ ಗುರುತು. ಪಕ್ಕದ ಕಾಲಂಗಳಲ್ಲೂ ಅದೇ ಎತ್ತರದಲ್ಲಿ ನೋಡಿ. ಮಡಿಕೆ ಎಂಟೂ ಕಾಲಂ ದಾಟಿ ಹೋಗುತ್ತದೆ. ನಡುವಿನ ಉದ್ದ ಗೆರೆಗಳನ್ನೂ, ಅಕ್ಷರಗಳನ್ನೂ ಸೀಳಿಕೊಂಡು ಹೋಗುತ್ತದೆ. ನಿಜವಾದ ಗೆರೆ ತನ್ನ ಕಾಲಂ ಬಿಟ್ಟು ಆಚೆ ಹೋಗುವುದಿಲ್ಲ. ಎಂಟು ಕಾಲಂಗಳಲ್ಲಿ ಆರೇಳರಲ್ಲಿ ಒಂದೇ ಎತ್ತರಕ್ಕೆ ಗೆರೆ ಸಿಕ್ಕರೆ ಅದನ್ನು ಕೈಬಿಡಿ.

‘ವಿಳಾಸಕೆ’ ಆಗಿದ್ದು ನೀವು ಕತ್ತರಿ ಹಾಕಿದ ರೀತಿಯಿಂದ. ಗೆರೆ ಓರೆ, ಕತ್ತರಿ ನೇರ. ಒಂದು ತುದಿಯಲ್ಲಿ ಮೂರು ನಾಲ್ಕು ಪಿಕ್ಸೆಲ್ ಒಳಗೆ ಕತ್ತರಿಸುತ್ತಿದ್ದೀರಿ. ಕೆಳಗೆ ಇಳಿಬಿದ್ದ ‘ಕ’ ಒತ್ತು ಸವೆದುಹೋಗುತ್ತಿದೆ, ಇಲ್ಲವೇ ಕೆಳಗಿನ ಜಾಹೀರಾತಿನ ತಲೆ ಮೇಲೆ ಹೋಗಿ ಕೂರುತ್ತಿದೆ. ಇಷ್ಟು ಒತ್ತಾಗಿ ಜೋಡಿಸಿದ ಪುಟದಲ್ಲಿ ಒತ್ತಕ್ಷರ ಗೆರೆಯನ್ನೇ ಮುಟ್ಟುತ್ತದೆ. ಖಾಲಿ ಜಾಗ ಹುಡುಕಿ ಬಿಡಿಸುವ ವಿಧಾನ ಕನ್ನಡದ ಸಣ್ಣ ಜಾಹೀರಾತಿಗೆ ಸರಿಹೋಗದೆ ಇರುವುದೂ ಇದಕ್ಕೇ. ಸಾಲು ಸಾಲಿನ ನಡುವೆ ಬಿಳಿ ಅನ್ನುವುದೇ ಉಳಿದಿರುವುದಿಲ್ಲ.

ಹೀಗೆ ಮಾಡಿ. ಮೊದಲು ಗೆರೆಯ ಪಿಕ್ಸೆಲ್‌ಗಳನ್ನು ಅಳಿಸಿ. ಆಮೇಲೆ ಪ್ರತಿ ಅಕ್ಷರದ ತುಂಡನ್ನೂ ತೆಗೆದುಕೊಂಡು, ಅದರ ನಡುಬಿಂದು ಆ ಜಾಗದಲ್ಲಿ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ನೋಡಿ. ಮೇಲಿದ್ದರೆ ಮೇಲಿನ ಜಾಹೀರಾತಿಗೆ, ಕೆಳಗಿದ್ದರೆ ಕೆಳಗಿನದಕ್ಕೆ ಕೊಡಿ. ಚೌಕ ಕತ್ತರಿಸಲು ಹೋಗಬೇಡಿ.

ಗೆರೆಯೇ ಸಿಗದೆ ಎರಡು ಒಂದಾದ ಮೂರು ಕಡೆ ಏನಿದೆ? ಚಿತ್ರ ಹಾಕಿ ನೋಡೋಣ.

ಮಲ್ಲೇಶ್ವರದ_ಮನೆ:

ಚಿತ್ರ ಹಾಕಿದ್ದೇನೆ. ಒಂದು ಕಡೆ ಗೆರೆ ಚುಕ್ಕಿ ಚುಕ್ಕಿಯಾಗಿದೆ, 40 ಪಿಕ್ಸೆಲ್ ತುಂಡೂ ಉಳಿದಿಲ್ಲ. ಇನ್ನೆರಡು ಕಡೆ ಗೆರೆಯೇ ಇಲ್ಲ. ಒಂದು ಜಾಹೀರಾತು ಮುಗಿದು, ಮುಂದಿನ ಸಾಲಿಗೇ ಇನ್ನೊಂದು ಶುರುವಾಗಿದೆ.

ಹಳೇ_ಕಂಪೋಸಿಟರ್:

ಅಮ್ಮಾ, ಈ ಪುಟ ನೋಡಿ ಖುಷಿಯಾಯಿತು. ನಾನು ಗಾಂಧಿನಗರದ ಕಡೆ ಒಂದು ಪ್ರೆಸ್‌ನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಆಮೇಲೆ ಪತ್ರಿಕೆಯಲ್ಲೂ ಇದೇ ಪುಟದ ಕೆಲಸ ಮಾಡಿದ್ದೇನೆ.

ನೀವು ಹುಡುಕುತ್ತಿರುವ ಗೆರೆ ಹಿತ್ತಾಳೆ ರೂಲು. ಕಾಲಂ ಅಳತೆಗೆ ಕತ್ತರಿಸಿ ಇಟ್ಟಿರುತ್ತಿದ್ದೆವು. ದಿನಾ ಅದನ್ನೇ ಬಳಸಿ ಬಳಸಿ ಮೇಲ್ಭಾಗ ಸವೆಯುತ್ತದೆ. ಸವೆದ ಕಡೆ ಶಾಯಿ ಹಿಡಿಯುವುದಿಲ್ಲ. ನಿಮ್ಮ ಚುಕ್ಕಿ ಗೆರೆ ಅದೇ.

ರೂಲೇ ಇಲ್ಲದ ಕಡೆ ಏನಾಗಿದೆ ಅಂದರೆ, ಜಾಗ ಸಾಲದೆ ತೆಗೆದಿದ್ದಾರೆ. ರಾತ್ರಿ ಕೊನೇ ಗಳಿಗೆಯಲ್ಲಿ ಒಂದು ಜಾಹೀರಾತು ಬರುತ್ತದೆ, ಕಾಲಂ ಒಂದೆರಡು ಸಾಲು ಉದ್ದವಾಗುತ್ತದೆ. ಮೊದಲು ಸಾಲುಗಳ ನಡುವಿನ ಸೀಸದ ಪಟ್ಟಿ ತೆಗೆಯುತ್ತಿದ್ದೆವು, ಆಮೇಲೆ ರೂಲು ತೆಗೆಯುತ್ತಿದ್ದೆವು. ಜಾಹೀರಾತಿನ ಒಂದು ಅಕ್ಷರವನ್ನೂ ಮುಟ್ಟುವ ಹಾಗಿಲ್ಲ, ಅದಕ್ಕೆ ದುಡ್ಡು ಕೊಟ್ಟಿದ್ದಾರೆ. ಅದಕ್ಕೇ ನೋಡಿ, ಒಂದೇ ಕಾಲಂನಲ್ಲಿ ಮೇಲಿನ ಸಾಲುಗಳು ಸ್ವಲ್ಪ ಬಿಡಿಬಿಡಿ, ಕೆಳಗಿನವು ಬಿಗಿ. ಸಾಲುಗಳು ಬಿಗಿಯಾಗಿ ಕೂತ ಕಡೆ ರೂಲು ಇರುವುದಿಲ್ಲ ಅಂತ ಅನುಮಾನ ಪಡಿ.

ಮೊದಲ ಪದ ದಪ್ಪಕ್ಷರದಲ್ಲಿ ಇರುತ್ತಿತ್ತು. ಅದು ಮಾತ್ರ ಬದಲಾಗುತ್ತಿರಲಿಲ್ಲ. ಕೊನೇ ಸಾಲು ಅರ್ಧಕ್ಕೆ ನಿಂತಿದ್ದರೆ ಅದೂ ಗುರುತೇ. ಆದರೆ ಗ್ರಾಹಕರು ಸಾಲಿನ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ, ಸಾಲು ತುಂಬುವಷ್ಟು ಬರೆದುಕೊಡುತ್ತಿದ್ದರು. ಅಲ್ಲಿ ಕೊನೇ ಸಾಲೂ ಪೂರ್ತಿ ಇರುತ್ತದೆ.

ಕೋಡ್_ಕಿಟ್ಟಿ:

ದಪ್ಪಕ್ಷರ ಅಂದರೆ ಸುಲಭ ಆಯ್ತಲ್ಲ ಸಾರ್! ಕಪ್ಪು ಪಿಕ್ಸೆಲ್ ಜಾಸ್ತಿ ಇರುವ ಸಾಲಿನಲ್ಲಿ ಜಾಹೀರಾತು ಶುರು.

ಸ್ಕ್ಯಾನ್_ಶಾಮಣ್ಣ:

ಇಡೀ ಸಾಲಿನ ಕಪ್ಪು ಎಣಿಸಿದರೆ ಗೊತ್ತಾಗುವುದಿಲ್ಲ ಕಿಟ್ಟಿ. ಒತ್ತಕ್ಷರ ಜಾಸ್ತಿ ಇರುವ ಸಾಲೂ ಕಪ್ಪಾಗಿಯೇ ಕಾಣುತ್ತದೆ. ಸಾಲಿನ ಎಡಗಡೆಯ ಮೊದಲ ಕಾಲು ಭಾಗ ಮಾತ್ರ ತಗೋ. ಅಲ್ಲಿ ಅಕ್ಷರದ ಗೀಟು ಎಷ್ಟು ದಪ್ಪ ಅಂತ ಅಳೆ, ಅದೇ ಸಾಲಿನ ಬಲಭಾಗದ ಗೀಟಿಗೆ ಹೋಲಿಸು. ಶಾಯಿ ಜಾಸ್ತಿಯಾದ ಪುಟದಲ್ಲಿ ಎರಡೂ ಒಟ್ಟಿಗೆ ದಪ್ಪವಾಗುತ್ತವೆ, ಆದರೆ ಮೊದಲ ಪದ ಉಳಿದದ್ದಕ್ಕಿಂತ ದಪ್ಪವಾಗಿಯೇ ಇರುತ್ತದೆ. ಈ ಪುಟದಲ್ಲಿ ಗೆರೆಯೇ ಇಲ್ಲದ ಆ ಎರಡು ಜಾಗಗಳಲ್ಲಿ ಒಂದು ಹೀಗೆ ಸಿಗುತ್ತದೆ. ಇನ್ನೊಂದರಲ್ಲಿ ಮೊದಲ ಪದದ ಮೇಲೇ ಹಿಂಬದಿಯ ಪುಟದ ಶಾಯಿ ಮೂಡಿದೆ. ಚಿತ್ರದಲ್ಲಿ ನನಗೂ ಸ್ಪಷ್ಟವಾಗಿ ಕಾಣಲಿಲ್ಲ.

ಹಳೇ_ಕಂಪೋಸಿಟರ್:

ಆ ಜಾಗ ಬಿಡಿಸಬೇಕಾದರೆ ಮಾರನೇ ದಿನದ ಪೇಪರ್ ತೆಗೆದು ನೋಡಿ ಅಮ್ಮಾ.

ಜನ ಒಂದೇ ದಿನಕ್ಕೆ ಅಂತ ಕೊಡುತ್ತಿದ್ದದ್ದು ಕಡಿಮೆ. ಮೂರು ದಿನ, ವಾರ ಅಂತ ಕೊಡುತ್ತಿದ್ದರು. ಅಂಥದ್ದನ್ನು ಬಿಚ್ಚುತ್ತಿರಲಿಲ್ಲ. ದಾರ ಸುತ್ತಿ ಹಾಗೇ ಎತ್ತಿಡುತ್ತಿದ್ದೆವು, ನಾಳೆ ಅದೇ ಮೊಳೆ ಮತ್ತೆ ಪುಟಕ್ಕೆ. ಆದರೆ ಅದರ ಪಕ್ಕದ್ದು ಮುಗಿದಿರುತ್ತದೆ, ಅಲ್ಲಿಗೆ ಹೊಸದು ಬಂದಿರುತ್ತದೆ. ಇವತ್ತು ‘ಜಯನಗರ’ದ ಕೆಳಗೆ ‘ಬಸವನಗುಡಿ’ ಇದ್ದರೆ, ನಾಳೆ ಅದೇ ‘ಜಯನಗರ’ದ ಕೆಳಗೆ ‘ವಿಜಯನಗರ’. ಒಡೆದ ಅಕ್ಷರ ಇದ್ದರೆ ಅದೂ ಹಾಗೇ ಬಂದಿರುತ್ತದೆ.

ಸ್ಕ್ಯಾನ್_ಶಾಮಣ್ಣ:

ಸಾರ್, ಇದು ತುಂಬಾ ದೊಡ್ಡ ಸಹಾಯ. ಇಷ್ಟು ಹೊತ್ತು ನಾವು ಒಂದೇ ಪುಟದೊಳಗೆ ಹುಡುಕುತ್ತಿದ್ದೆವು.

ಮೇಡಂ, ಎರಡು ದಿನದ ಕಾಲಂಗಳನ್ನು ಸಾಲು ಸಾಲಾಗಿ ಹೋಲಿಸಿ. ಇವತ್ತಿನ ಒಂದು ತುಂಡಿನಲ್ಲಿ ಮೊದಲ ಐದು ಸಾಲು ನಾಳೆ ಎಲ್ಲೋ ಒಂದು ಕಡೆ ಒಟ್ಟಿಗೆ ಸಿಗುತ್ತವೆ, ಆರನೇ ಸಾಲಿನಿಂದ ಬೇರೆ ಆಗುತ್ತದೆ ಅಂದರೆ, ಐದಕ್ಕೂ ಆರಕ್ಕೂ ಮಧ್ಯೆ ಎಲ್ಲೆ ಇದೆ. ಗೆರೆ ಬೇಕಿಲ್ಲ, ದಪ್ಪಕ್ಷರ ಬೇಕಿಲ್ಲ.

ಓಸಿಆರ್ ಎರಡು ದಿನ ಒಂದೇ ಥರ ಓದುವುದಿಲ್ಲ, ಹಾಗಾಗಿ ಅಕ್ಷರಕ್ಕೆ ಅಕ್ಷರ ಸಮ ಇರಲಿ ಅಂತ ಕಾಯಬೇಡಿ. ಪ್ರತಿ ಸಾಲನ್ನು ಮೂರು ಮೂರು ಅಕ್ಷರದ ತುಂಡುಗಳಾಗಿ ಮಾಡಿ, ಎರಡು ಸಾಲುಗಳಿಗೆ ಎಷ್ಟು ತುಂಡು ಸಮಾನ ಅಂತ ನೋಡಿ. ಅದೇ ಮೊಳೆ ಆಗಿರುವುದರಿಂದ ಸಾಲು ಮುರಿಯುವ ಜಾಗವೂ ಅದೇ ಇರುತ್ತದೆ. ಅದಕ್ಕೇ ಸಾಲನ್ನು ಸಾಲಿಗೆ ಹೋಲಿಸಬಹುದು. ಒಂದೇ ಸಾಲು ಹೊಂದಿದರೆ ನಂಬಬೇಡಿ. ‘ಗಾಳಿ ಬೆಳಕು ಉಳ್ಳ ಮನೆ’ ಅನ್ನುವ ಸಾಲು ಹತ್ತು ಜಾಹೀರಾತುಗಳಲ್ಲಿ ಇರುತ್ತದೆ. ಕನಿಷ್ಠ ಮೂರು ಸಾಲು ಒಟ್ಟಿಗೆ ಹೊಂದಬೇಕು.

ಮಲ್ಲೇಶ್ವರದ_ಮನೆ:

ಮಾರನೇ ದಿನದ ಪುಟ ಸಂಪುಟದಲ್ಲೇ ಇತ್ತು. ಬಂದಿದ್ದು ಹೀಗೆ.

ಅಂಟಿಕೊಂಡಿದ್ದ ತುಂಡು ಒಟ್ಟು ಒಂಬತ್ತು ಸಾಲು. ಓದಿದರೆ ಒಂದೇ ಮನೆಯ ಹಾಗೆ ಇತ್ತು. ಎರಡು ರೂಮು, ಅಡುಗೆಮನೆ, ಆಮೇಲೆ ‘ಮಹಡಿ ಮೇಲೆ ಒಂದು ರೂಮು’. ಮಾರನೇ ದಿನ ಮೊದಲ ನಾಲ್ಕು ಸಾಲು ಬೇರೆ ಕಾಲಂನ ಮೇಲ್ಭಾಗದಲ್ಲಿ ಸಿಕ್ಕವು. ಅಲ್ಲಿ ಐದನೇ ಸಾಲಿನಿಂದ ಬೇರೆಯೇ ಮನೆ. ಅಂದರೆ ‘ಮಹಡಿ ಮೇಲೆ ಒಂದು ರೂಮು’ ಇನ್ನೊಬ್ಬರದ್ದು! ಅದು ಬ್ರಹ್ಮಚಾರಿಗಳಿಗೆ ಕೊಡುವ ಒಂಟಿ ರೂಮು. ಎರಡೂ ಸೇರಿದ್ದಾಗ ನನ್ನ ಪಟ್ಟಿಯಲ್ಲಿ ದೊಡ್ಡ ಮನೆಗೆ ಒಂಟಿ ರೂಮಿನ ಬಾಡಿಗೆ ಕೂತಿತ್ತು.

ಇನ್ನೊಂದು ಲಾಭವೂ ಆಯಿತು. ಒಂದೇ ಮನೆ ಮೂರು ದಿನ ಬಂದರೆ ಮೂರು ಮನೆ ಅಂತ ಎಣಿಸುವುದು ತಪ್ಪಿತು.

ಸ್ಕ್ಯಾನ್_ಶಾಮಣ್ಣ:

ಚೆನ್ನಾಗಿದೆ. ಇದರ ಮಿತಿಯನ್ನೂ ಹೇಳಿಬಿಡುತ್ತೇನೆ. ಅಂಟಿಕೊಂಡ ಎರಡೂ ಒಂದೇ ದಿನಕ್ಕೆ ಬಂದವಾದರೆ ಹೋಲಿಸಲು ಏನೂ ಇರುವುದಿಲ್ಲ. ಎರಡೂ ಒಟ್ಟಿಗೆ ಮುಂದುವರಿದು, ಅದೇ ಕ್ರಮದಲ್ಲಿ ಮತ್ತೆ ಬಂದರೂ ಎಲ್ಲೆ ಕಾಣುವುದಿಲ್ಲ. ಹಾಗಾಗಿ ಮುಂದಿನ ದಿನ ಮಾತ್ರವಲ್ಲ, ಹಿಂದಿನ ದಿನವನ್ನೂ ನೋಡಿ.

ಗೆರೆ, ದಪ್ಪಕ್ಷರ, ಮಾರನೇ ದಿನ, ಮೂರೂ ಸುಮ್ಮನಿದ್ದ ಕಡೆ ನನ್ನ ಅಭ್ಯಾಸ ಅಂದರೆ ಕತ್ತರಿಸಿಬಿಡುವುದು. ಒಡೆದದ್ದನ್ನು ಆಮೇಲೆ ಸೇರಿಸಬಹುದು. ಸೇರಿಹೋದದ್ದು ಕಣ್ಣಿಗೇ ಬೀಳುವುದಿಲ್ಲ.

ಮಲ್ಲೇಶ್ವರದ_ಮನೆ:

ಅದನ್ನು ನಾನು ಒಪ್ಪುವುದು ಕಷ್ಟ. ನನಗೆ ಬಡಾವಣೆ ಮೊದಲ ಸಾಲಿನಲ್ಲಿದೆ, ಬಾಡಿಗೆ ಕೊನೇ ಸಾಲಿನಲ್ಲಿದೆ. ಒಡೆದರೆ ಎರಡೂ ತುಂಡು ಕೆಲಸಕ್ಕೆ ಬರುವುದಿಲ್ಲ. ಅನುಮಾನ ಇರುವುದನ್ನು ‘ಅನುಮಾನ’ ಅಂತ ಗುರುತು ಹಾಕಿ, ಸೇರಿಸಿಯೇ ಇಟ್ಟು, ಕಣ್ಣಲ್ಲಿ ನೋಡುತ್ತೇನೆ. ಎರಡು ಬಾಡಿಗೆ ಮೊತ್ತ ಇರುವ ತುಂಡು, ಪಕ್ಕದವಕ್ಕಿಂತ ತೀರಾ ಎತ್ತರದ ತುಂಡು, ಇವನ್ನು ಮೊದಲು ನೋಡಿದರೆ ಬಹಳಷ್ಟು ಸಿಕ್ಕಿಬಿಡುತ್ತವೆ.

ಸ್ಕ್ಯಾನ್_ಶಾಮಣ್ಣ:

ನಿಮ್ಮ ಸಂಪುಟಗಳು ಕೈಯಲ್ಲಿ ನೋಡಿ ಮುಗಿಸುವಷ್ಟಿದ್ದರೆ ಸರಿ. ನಮ್ಮಲ್ಲಿ ಹಾಗೆ ಆಗುವುದಿಲ್ಲ, ನಾನು ಕತ್ತರಿಸುವ ಕಡೆಯೇ.

ಕೋಡ್_ಕಿಟ್ಟಿ:

ಚೌಕಟ್ಟಿನೊಳಗೆ ಇರುವ ದೊಡ್ಡ ಜಾಹೀರಾತು ಏನು ಮಾಡುವುದು? ಎರಡು ಕಾಲಂ ಅಗಲ ಇದೆ, ಅಲ್ಲಿ ಕಾಲಂ ಬಿಡಿಸುವುದೇ ಕೆಡುತ್ತಿದೆ.

ಸ್ಕ್ಯಾನ್_ಶಾಮಣ್ಣ:

ಅದನ್ನು ಎಲ್ಲಕ್ಕಿಂತ ಮೊದಲು ತೆಗೆದುಬಿಡು. ಚೌಕಟ್ಟು ನಾಲ್ಕೂ ಕಡೆ ಕೂಡಿಕೊಂಡ ಒಂದೇ ದೊಡ್ಡ ತುಂಡು, ಸುಲಭವಾಗಿ ಸಿಗುತ್ತದೆ. ಒಳಗಿನದ್ದನ್ನು ಬೇರೆ ಇಟ್ಟು, ಪುಟದಲ್ಲಿ ಆ ಜಾಗವನ್ನು ಬೆಳ್ಳಗೆ ಮಾಡಿ, ಆಮೇಲೆ ಕಾಲಂ ಬಿಡಿಸು.

ಮಲ್ಲೇಶ್ವರದ_ಮನೆ:

ಕಂಪೋಸಿಟರ್ ಸಾರ್, ನಿಮಗೆ ಇನ್ನೊಂದು ಪ್ರಶ್ನೆ. ಎಂಬತ್ತರ ದಶಕದ ಕೊನೆಯ ಸಂಪುಟ ತೆರೆದೆ. ಅಲ್ಲಿ ಒಂದೇ ಕಾಲಂನೊಳಗೆ ಒಂದು ಜಾಹೀರಾತು ಎಡಕ್ಕೆ ಓರೆ, ಕೆಳಗಿನದು ಬಲಕ್ಕೆ ಓರೆ. ಪುಟ ಬಾಗಿದ್ದರೆ ಎಲ್ಲ ಒಂದೇ ಕಡೆ ಓರೆಯಾಗಬೇಕಲ್ಲವೇ?

ಹಳೇ_ಕಂಪೋಸಿಟರ್:

ಅದು ಮೊಳೆ ಅಲ್ಲಮ್ಮಾ, ಅಂಟಿಸಿದ ಪುಟ. ಆಫ್‌ಸೆಟ್ ಬಂದ ಮೇಲೆ ಅಕ್ಷರಗಳು ಬ್ರೋಮೈಡ್ ಕಾಗದದ ಮೇಲೆ ಬರುತ್ತಿದ್ದವು. ಒಂದೊಂದು ಜಾಹೀರಾತನ್ನೂ ಕತ್ತರಿಸಿ, ಹಾಳೆ ಮೇಲೆ ಕೈಯಿಂದ ಅಂಟಿಸುತ್ತಿದ್ದೆವು. ಅವಸರದಲ್ಲಿ ಅಂಟಿಸಿದರೆ ಒಂದೊಂದು ಒಂದೊಂದು ಕಡೆ ವಾಲುತ್ತದೆ. ಆ ಕಾಲದ ಪುಟದಲ್ಲಿ ಓರೆ ಬದಲಾದ ಕಡೆಯೇ ಒಂದು ಜಾಹೀರಾತು ಮುಗಿದು ಇನ್ನೊಂದು ಶುರುವಾಗಿದೆ ಅಂತ ತಿಳಿಯಿರಿ.

ಸ್ಕ್ಯಾನ್_ಶಾಮಣ್ಣ:

ಹಾಗಾದರೆ ಆ ಸಂಪುಟಕ್ಕೆ ಕಾಲಂ ತಿರುಗಿಸಿ ನೇರ ಮಾಡುವುದೇ ಬೇಡ ಮೇಡಂ. ಮಾಡಿದರೆ ಈ ಗುರುತು ಮಸುಕಾಗುತ್ತದೆ. ಪ್ರತಿ ಸಾಲಿನ ಓರೆ ಅಳೆದು ಒಂದು ಪಟ್ಟಿ ಮಾಡಿ, ಅದು ಎಲ್ಲಿ ಥಟ್ಟನೆ ಬದಲಾಗುತ್ತದೆ ನೋಡೋಣ. ಮೂರು ಪದದ ಚಿಕ್ಕ ಸಾಲಿನ ಓರೆ ಸರಿಯಾಗಿ ಅಳೆಯಲು ಬರುವುದಿಲ್ಲ, ಅವನ್ನು ಬಿಟ್ಟುಬಿಡಿ. ಆ ಕಾಲಂನ ಚಿತ್ರ ಹಾಕಿ.